ಮೊಸರಿಲ್ಲದ ತಿಂಗಳು

ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿದೆ. ಅದು ನನ್ನ ಅತ್ತೆಯ ಮಡಿ ಸೀರೆಯದು. ಸ್ನಾನ ಮುಗಿಸಿ, ಹಿಂಡಿದ ಸೀರೆಯನ್ನು ಉದ್ದನೆಯ ಕೋಲಿನ ತುದಿಯಿಂದ ಎತ್ತಿ, ಯಾರಿಗೂ ತಾಗದ ಎತ್ತರದಲ್ಲಿ ಹರವುತ್ತಾರೆ. ಮರುದಿನ ಅದೇ ಕೋಲಿನಿಂದ ಇಳಿಸಿಕೊಂಡು ಉಟ್ಟು, ತಮ್ಮ ಒಲೆ ತಾವು ಹಚ್ಚಿಕೊಳ್ಳುತ್ತಾರೆ. ಮಾನ್ವಿಯಲ್ಲಿ ಗುಡಿಯ ಸೇವೆಯಲ್ಲಿದ್ದ ಮಾವ ತೀರಿಕೊಂಡ ಮೇಲೆ ಅತ್ತೆ ರಾಯಚೂರಿಗೆ ನಮ್ಮ ಮನೆಗೆ ಬಂದರು. ಆಗ ಜೊತೆಗೆ ತಂದದ್ದು ದೇವರ ಪೆಟ್ಟಿಗೆ ಮತ್ತು ಆ ಕೋಲು.

ನಾನು ಹೈಸ್ಕೂಲಿನಲ್ಲಿ ಕಲಿಸುವವಳು. ಬಸ್ಸಿನಲ್ಲಿ ಊರಮಂದಿಯನ್ನೆಲ್ಲ ಮುಟ್ಟಿಕೊಂಡು ಬರುವವಳು. ನನ್ನ ಕೈಯ ಅಡಿಗೆ ಅವರಿಗೆ ನಡೆಯುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು. ಒಂದು ಅಡಿಗೆಮನೆ, ಎರಡು ಒಲೆ. ಆದರೆ ಅವರ ಒಂದೇ ಒಂದು ಭಯ ನನಗೆ ಗೊತ್ತಿತ್ತು. ಕೈಕಾಲು ಹೋಗಿ ಹಾಸಿಗೆ ಹಿಡಿದರೆ ಯಾರ ಕೈಯ ಅನ್ನ ತಿನ್ನಬೇಕು ಎಂಬ ಭಯ. ಸಾವಿಗೆ ಅವರು ಅಷ್ಟು ಹೆದರುತ್ತಿರಲಿಲ್ಲ.

ಅದಕ್ಕೇ ಬಚ್ಚಲ ಹೊಸ್ತಿಲಲ್ಲಿ ಕೈ ಊರಿ ಬಿದ್ದು ಮಣಿಕಟ್ಟು ಮುರಿದಾಗ ನೋವಿಗಿಂತ ಮೊದಲು ಅವರು ಕೇಳಿದ್ದು, "ನಾಳೆ ಅಡಿಗಿ ಹ್ಯಾಂಗ?" ಎಂದು. ಪ್ಲಾಸ್ಟರ್ ಇದ್ದಷ್ಟು ದಿನ ಹಣ್ಣು, ಅವಲಕ್ಕಿ, ಮೊಸರು ತಿಂದು ಕಳೆದರೇ ಹೊರತು ನನ್ನ ಸಾರು ಮುಟ್ಟಲಿಲ್ಲ. ಎಂಥಾ ಹಠಮಾರಿ ಹೆಂಗಸು!

ಎಲುಬಿನ ಡಾಕ್ಟರಮ್ಮ ಸಾಂದ್ರತೆಯ ಪರೀಕ್ಷೆ ಮಾಡಿಸಿ, ಎಲುಬು ಜಾಳುಜಾಳಾಗಿದೆ ಎಂದರು. "ಮುಟ್ಟು ನಿಂತ ಮ್ಯಾಲೆ ಹೆಣ್ಣಮಕ್ಕಳ ಮೈಯಾಗ ಎಲುಬು ಕಾಯೋ ಹಾರ್ಮೋನು ಕಡಿಮಿ ಆಗ್ತದರೀ. ಮೊದಲ ಕೆಲವು ವರ್ಷದಾಗ ಎಲುಬು ಭಾಳ ಜಲ್ದಿ ಸವೀತದ. ರಾಗಿ, ಎಳ್ಳು, ಸೊಪ್ಪು, ಹಾಲು, ಮೊಸರು ಎಲ್ಲಾ ತಿನಸ್ರಿ. ಆದರ ಇಷ್ಟು ಸವೆದ ಎಲುಬಿಗೆ ಊಟ ಒಂದೇ ಸಾಲಂಗಿಲ್ಲ, ಗುಳಿಗಿನೂ ಬೇಕು." ಹಾಗೆ ಹೇಳುತ್ತಲೇ ನನ್ನ ಕಡೆ ತಿರುಗಿದರು. "ನಿಮ್ಮದೂ ನಿಂತದೇನು? ಪರೀಕ್ಷಾ ಮಾಡಿಸೀರಿ?"

"ಇವರದಾಗ್ಲಿ ಮೊದಲ" ಎಂದೆ. ನನ್ನದು ನಿಂತು ಎರಡು ವರ್ಷವಾಗಿತ್ತು. ದೇವದುರ್ಗದಲ್ಲಿ ನನ್ನ ತಾಯಿ ತೊಡೆಯ ಸಂದು ಮುರಿದುಕೊಂಡು, ಮತ್ತೆ ಏಳದೇ ಹೋದದ್ದು ಕಣ್ಣ ಮುಂದೆ ಬಂತು. ಅತ್ತೆಗೆ ಹಾಗಾಗಬಾರದು ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು.

ಗುಳಿಗೆಗಳನ್ನು ಅತ್ತೆ ಎರಡೇ ವಾರಕ್ಕೆ ಬಿಟ್ಟರು. ಡಿ ವಿಟಮಿನ್ನಿನ ಮೆತ್ತನೆಯ ಕ್ಯಾಪ್ಸೂಲನ್ನು ಬೆರಳಲ್ಲಿ ಒತ್ತಿ ನೋಡಿ, "ಈ ಮ್ಯಾಲಿನ ಸಿಪ್ಪಿ ಯಾವ ಪ್ರಾಣಿ ಚರ್ಮದ್ದೋ ಏನೋ, ಒಯ್ಯಿ" ಎಂದರು. ಉಳಿದ ಗುಳಿಗೆಗಳೂ ಅದರ ಹಿಂದೆಯೇ ಹೋದವು. ಇನ್ನು ಊಟವೊಂದೇ ದಾರಿ. ಜೋಳದ ಸೀಮೆಯಲ್ಲಿ ಹುಟ್ಟಿದವರಿಗೆ ರಾಗಿ ತಿನ್ನಿಸುವುದೆಂದರೆ ಅದೊಂದು ಯುದ್ಧ. "ಅದು ಮೈಸೂರ ಕಡೆಯವರ ಊಟ. ನಮ್ಮ ದೇವರ ಮುಂದ ಎಂದಾದರೂ ರಾಗಿ ಇಟ್ಟದ್ದು ಕಂಡೀಯೇನು?" ಎನ್ನುವರು. ನಾನೂ ಬಿಡಲಿಲ್ಲ. ರಾಗಿ ತಂದುಕೊಟ್ಟೆ. ತಾವೇ ಮಡಿಯಲ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿಕೊಂಡರು. ಮೊಳಕೆ ಬರಿಸಿದರೆ ಅದರ ಸುಣ್ಣದಂಶ ಮೈಗೆ ಹತ್ತುವುದು ಹೆಚ್ಚು ಎಂದು ಡಾಕ್ಟರಮ್ಮ ಹೇಳಿದ್ದರು. ಆ ಹಿಟ್ಟಿನ ಅಂಬಲಿಗೆ ಗಟ್ಟಿ ಮಜ್ಜಿಗೆ ಬೆರೆಸಿ ಕುಡಿದು, "ಛಲೋ ಅದ ಬಿಡು" ಎಂದ ದಿನ ನನಗೆ ಇನ್ಸ್‌ಪೆಕ್ಷನ್ನಿನಲ್ಲಿ ಶಾಲೆ ಪಾಸಾದಷ್ಟು ಖುಷಿಯಾಯಿತು. ಹಾಲು ಅವರಿಗೆ ಒಗ್ಗುವುದಿಲ್ಲ, ಒಂದು ಲೋಟ ಕುಡಿದರೆ ಹೊಟ್ಟೆ ಕೆಡುತ್ತದೆ. ಮೊಸರು ಮಾತ್ರ ಎರಡೂ ಹೊತ್ತು ಬೇಕು; ಹೆಪ್ಪು ನಾನು ಹಾಕಿದ್ದಾದರೂ ಅದಕ್ಕೆ ಮಡಿಯ ಅಡ್ಡಿಯಿರಲಿಲ್ಲ.

ಅಷ್ಟರಲ್ಲಿ ಚಾತುರ್ಮಾಸ ಬಂತು. ನಾಲ್ಕು ತಿಂಗಳ ವ್ರತ. ಮೊದಲ ತಿಂಗಳು ಸೊಪ್ಪು ತರಕಾರಿ ಬಿಡಬೇಕು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಕೆಲವರು ಮೊಸರು ಬಿಡುವ ತಿಂಗಳಲ್ಲಿ ಮಜ್ಜಿಗೆ ನಡೆಯುತ್ತದೆ ಎನ್ನುತ್ತಾರೆ. ನಮ್ಮ ಅತ್ತೆಗೆ ಅದೂ ಇಲ್ಲ.

"ಅತ್ಯಾ, ಈ ವರ್ಷ ಒಂದು ಬಿಡ್ರಿ. ಎಲುಬಿನ ಸಲುವಾಗಿ ಅಂದರ ದೇವರು ಬ್ಯಾಡ ಅಂತಾನೇನು?"

"ಹದಿನಾರಕ್ಕ ಮದವಿ ಆಗಿ ಬಂದಾಕಿ, ಅವತ್ತಿಂದ ಹಿಡದೀನಿ. ಈಗ ಎಲುಬು ನೆಪ ಮಾಡ್ಕೊಂಡು ಬಿಡ್ಲೇನು? ಸುಮ್ಮನ ಹೋಗು."

ಸೊಪ್ಪಿಲ್ಲದ ತಿಂಗಳು ಹೇಗೋ ಕಳೆಯಿತು. ಮಜ್ಜಿಗೆಯ ಅಂಬಲಿ ಇತ್ತು, ಊಟಕ್ಕೆ ಮೊಸರಿತ್ತು. ತೊಂದರೆ ಶುರುವಾದದ್ದು ಎರಡನೆಯದರಲ್ಲಿ. ಮೊಸರು ಹೋಯಿತು, ಸೊಪ್ಪು ಬಂತು. ಒಂದು ತಿಂಗಳು ಬಾಯಿ ಕಟ್ಟಿದವರಿಗೆ ಸೊಪ್ಪು ಕಂಡರೆ ಕೇಳಬೇಕೆ! ನನ್ನ ಗಂಡ ವಕೀಲರು, ಫೋನು ನೋಡಿ ಲೋಕದ ಜ್ಞಾನವೆಲ್ಲ ಸಂಪಾದಿಸುವವರು. "ಪಾಲಕದಾಗ ಕ್ಯಾಲ್ಸಿಯಂ ತುಂಬಿ ತುಳಕ್ತದ. ಮೊಸರು ಹೋದರ ಹೋಗಲಿ" ಎಂದು ದಿನಾ ಚೀಲ ತುಂಬ ಪಾಲಕ, ರಾಜಗಿರಿ ತಂದು ಸುರಿದರು. ಅತ್ತೆ ಹಗಲು ಪಲ್ಯ, ರಾತ್ರಿ ಸೊಪ್ಪು ಬೇಳೆ ಮಾಡಿಕೊಂಡರು. ಸೊಪ್ಪು ಬೆಂದ ನೀರು ಚೆಲ್ಲುವುದು ಪಾಪವೆಂದು ಅದನ್ನೇ ಸಾರಿಗೆ ಹಾಕಿದರು. ಮೇಲೆ ಸಿಪ್ಪೆ ತೆಗೆಯದ ಕರಿ ಎಳ್ಳಿನ ಪುಡಿ, ಒಂದಲ್ಲ, ಎರಡು ಮುಷ್ಟಿ. ಎಲುಬಿಗೆ ಒಳ್ಳೆಯದು ಎಂದು ನಾವೆಲ್ಲ ನೋಡಿ ಸಂತೋಷಪಟ್ಟೆವು. ನನಗೂ ಅನುಮಾನ ಬರಲಿಲ್ಲ.

ಆ ತಿಂಗಳ ಕೊನೆಯ ಏಕಾದಶಿ. ಅತ್ತೆಯದು ಹನಿ ನೀರೂ ಇಲ್ಲದ ಉಪವಾಸ. ಹೊರಗೆ ರಾಯಚೂರಿನ ಬಿಸಿಲು. ಮಧ್ಯಾಹ್ನ ದೇವರ ಮುಂದೆ ಕೂತವರು ಪಕ್ಕೆ ಹಿಡಿದುಕೊಂಡು ಉರುಳಿಬಿಟ್ಟರು. "ಅಯ್ಯೋ ನಮ್ಮಪ್ಪಾ, ಬೆನ್ನಾಗಿಂದ ಹೊಟ್ಟಿಗೆ ಬ್ಯಾನಿ ಇಳೀಲಿಕತ್ತದ!" ಆಸ್ಪತ್ರೆಗೆ ಒಯ್ದೆವು. ಮೂತ್ರದ ದಾರಿಯಲ್ಲಿ ಹರಳು. ಸಲೈನ್ ಏರಿಸಿದರು. ಹರಳು ತಾನೇ ಬಿತ್ತು. ಪರೀಕ್ಷೆಗೆ ಕಳಿಸಿದರೆ ಬಂದ ಉತ್ತರ, ಕ್ಯಾಲ್ಸಿಯಂ ಆಕ್ಸಲೇಟ್.

ಅತ್ತೆಯ ಕಿವಿಗೆ ಅದರಲ್ಲಿ ಒಂದೇ ಶಬ್ದ ಸಾಕಾಯಿತು. ಹಾಸಿಗೆಯಲ್ಲೇ ನನ್ನ ಮುಖ ನೋಡಿ, "ಕ್ಯಾಲ್ಸಿಯಂ ಕ್ಯಾಲ್ಸಿಯಂ ಅಂತ ಬೆನ್ನು ಹತ್ತಿದಿ. ನೋಡೀಗ, ನೀ ತಿನಸಿದ್ದೇ ಹೊಟ್ಟ್ಯಾಗ ಕಲ್ಲಾತು" ಎಂದರು.

ಎಲುಬಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲ ಕೇಳಿ, ಹಣೆ ಒತ್ತಿಕೊಂಡರು. "ಹಿಂದ ಯಾವಾಗರೆ ಹರಳು ಬಿದ್ದಿತ್ತೇನ್ರಿ?" ಬಿದ್ದಿತ್ತು, ಮಾನ್ವಿಯಲ್ಲಿ. ನಮಗ್ಯಾರಿಗೂ ಹೇಳಬೇಕೆಂದು ಹೊಳೆದಿರಲಿಲ್ಲ. "ಹಂಗಾರ ಇದು ಒಂದೇ ತಿಂಗಳದಾಗ ಹುಟ್ಟಿದ್ದಲ್ಲ. ಮೊದಲೇ ಇದ್ದೀತು, ಈ ತಿಂಗಳ ಅದಕ್ಕ ಹಬ್ಬ ಮಾಡಿ ಬಡಿಸೀರಿ. ಅಮ್ಮಾರೆ, ತಪ್ಪು ಮೊಸರಿಂದಲ್ಲ, ರಾಗಿದೂ ಅಲ್ಲ. ಪಾಲಕದಾಗ, ರಾಜಗಿರ್ಯಾಗ ಆಕ್ಸಲೇಟ್ ಅನ್ನೋದು ಭಾಳ ಇರ್ತದ. ಅದು ಆ ಸೊಪ್ಪಿನ ಕ್ಯಾಲ್ಸಿಯಂನ ಗಟ್ಟಿ ಹಿಡಕೊಂಡು ಮೈಗೆ ಹತ್ತಗೊಡಂಗಿಲ್ಲ. ಪಾಲಕದಾಗ ಎಷ್ಟಿದ್ದರೂ ನಿಮ್ಮ ಎಲುಬಿಗೆ ಸಿಕ್ಕಿದ್ದು ಚೂರು. ಉಳಿದ ಆಕ್ಸಲೇಟ್ ರಕ್ತಕ್ಕ ಹೋಗಿ, ಮೂತ್ರದಾಗ ಬಂದು ಹರಳು ಕಟ್ತದ."

"ಮತ್ತ ಮೊಸರು?" ಎಂದೆ.

"ಊಟದ ಕೂಡ ಮೊಸರಿದ್ದರ, ಆಕ್ಸಲೇಟ್ ಕರಳಿನ್ಯಾಗೇ ಅದರ ಕ್ಯಾಲ್ಸಿಯಂಗೆ ಅಂಟಿ, ಹೊರಕಡಿ ದಾರಿ ಹಿಡೀತಿತ್ತು. ಮೊಸರು ತೆಗದ್ರಿ, ಪಾಲಕ ಹೆಚ್ಚು ಮಾಡಿದ್ರಿ, ನೀರು ಬಿಟ್ರಿ. ಮೂರೂ ಕೂಡಿದವು." ಪಾಲಕ ಬಿಡಿ, ರಾಜಗಿರಿ ಅಪರೂಪಕ್ಕೆ, ಅದೂ ಬೇಯಿಸಿ ನೀರು ಚೆಲ್ಲಿ. ಮೆಂತ್ಯ, ನುಗ್ಗೆ ಸೊಪ್ಪು ತಿನ್ನಿ. ಎಳ್ಳಿನ ಸಿಪ್ಪೆಯಲ್ಲೂ ಆಕ್ಸಲೇಟ್ ಇದೆ, ಒಂದು ಚಮಚದ ಮೇಲೆ ಬೇಡ. ರಾಗಿ ಅಂಬಲಿ ಮಿತಿಯಲ್ಲಿ, ಮಜ್ಜಿಗೆಯ ಜೊತೆ. ನೀರು ಚೆನ್ನಾಗಿ ಕುಡಿಯಿರಿ, ಬಿಟ್ಟ ಗುಳಿಗೆ ಮತ್ತೆ ಶುರು ಮಾಡಿ. ಇಷ್ಟನ್ನೂ ಅವರು ಅತ್ತೆಯ ಕೈ ಹಿಡಿದುಕೊಂಡು ಹೇಳಿದರು.

ಅತ್ತೆ ಎಲ್ಲಕ್ಕೂ "ಹೌದ್ರಿ, ಹೌದ್ರಿ" ಎಂದರು. ಮನೆಗೆ ಬಂದು ರಾಗಿ ಹಿಟ್ಟಿನ ಡಬ್ಬಿ ನನ್ನ ಕಡೆ ಸರಿಸಿದರು. ಎಳ್ಳು ಬಿಟ್ಟರು, ನುಗ್ಗೆ ಸೊಪ್ಪನ್ನೂ ಬಿಟ್ಟರು, ಗುಳಿಗೆ ಮುಟ್ಟಲಿಲ್ಲ. ವ್ರತದ ತಿಂಗಳು ಮುಗಿದ ಮೇಲೂ ಮೊಸರನ್ನು ಶಾಸ್ತ್ರಕ್ಕೆ ಒಂದು ಚಮಚ. ಅನ್ನ, ತೊವ್ವೆ, ಮುಗಿಯಿತು. "ಕಲ್ಲಿನ ಬ್ಯಾನಿ ನೀ ಉಂಡಿಲ್ಲವಾ, ನಾ ಉಂಡೀನಿ" ಎನ್ನುವರು. ಕೂಗಾಡಿದೆ, ಅತ್ತುಬಿಟ್ಟೆ. ಗಂಡನ ಕೈಯಿಂದ ಹೇಳಿಸಿದೆ. "ಪಾಲಕ ತಂದಾಂವ ನೀನೇ ಅಲ್ಲೇನಲೇ" ಎಂದು ಮಗನ ಬಾಯಿ ಮುಚ್ಚಿಸಿದರು. ಅವರ ಒಲೆಗೆ ಕೈ ಹಾಕುವ ಹಕ್ಕು ನನಗಿಲ್ಲ. ಬಾಗಿಲಲ್ಲಿ ನಿಂತು ಅವರು ಬರೀ ಅನ್ನ ಕಲಸುವುದನ್ನು ನೋಡುವುದಷ್ಟೇ ನನ್ನ ಪಾಲಿಗೆ ಉಳಿಯಿತು. ಗೊತ್ತಿದ್ದೂ ಏನೂ ಮಾಡಲಾಗದಂಥ ಸಂಕಟ ವೈರಿಗೂ ಬೇಡ.

ಬೇಸಿಗೆಯಲ್ಲಿ ಒಂದು ದಿನ ಕೊಡ ಎತ್ತಲು ಬಗ್ಗಿದವರು "ಕಟ್ ಅಂತು" ಎಂದು ಕೂತರು. ಬೆನ್ನಿನ ಒಂದು ಮಣಿ ಕುಸಿದಿತ್ತು. ಈ ಸಲ ಮುರಿದದ್ದಕ್ಕೆ ಪ್ಲಾಸ್ಟರ್ ಹಾಕುವಂತಿರಲಿಲ್ಲ. ಹಣ್ಣು, ಅವಲಕ್ಕಿಯ ಮೇಲೆಯೇ ಕೆಲವು ವಾರ ಮಲಗಿ ಎದ್ದರು, ಮತ್ತೆ ತಮ್ಮ ಒಲೆ ಹಚ್ಚಿದರು. ಆದರೆ ಎದ್ದವರು ಮೊದಲಿನ ಎತ್ತರದಲ್ಲಿರಲಿಲ್ಲ.

ಅದನ್ನು ನಾನು ಕಂಡದ್ದು ಹಗ್ಗದ ಕೆಳಗೆ. ಸೀರೆ ಸಿಕ್ಕಿಸಿದ ಕೋಲು ಎತ್ತುತ್ತಾರೆ, ಹಿಮ್ಮಡಿ ಎತ್ತುತ್ತಾರೆ, ತುದಿ ಹಗ್ಗವನ್ನು ಸವರಿ ಕೆಳಗೆ ಬರುತ್ತದೆ. ಒದ್ದೆ ಸೀರೆ ನೆಲಕ್ಕೆ ಬಿತ್ತು. ಮೈಲಿಗೆಯಾಯಿತೆಂದು ಮತ್ತೆ ಒಗೆದರು, ಮತ್ತೆ ಎತ್ತಿದರು. ನಾನು ಹೋಗಿ ಹಾಕಿದರೆ ಅದು ಮಡಿಯಲ್ಲ. ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಮರುದಿನ ಅವರು ದೇವರ ಮುಂದೆ ಕೂತಿದ್ದಾಗ ಸ್ಟೂಲು ಹತ್ತಿ ಹಗ್ಗ ಬಿಚ್ಚಿ, ಒಂದು ಗೇಣು ಕೆಳಗೆ ಮೊಳೆ ಹೊಡೆದು ಕಟ್ಟಿದೆ. ಅವರು ಬಂದು ಕೋಲೆತ್ತಿದರು. ಸೀರೆ ಒಂದೇ ಸಲಕ್ಕೆ ಹಗ್ಗದ ಮೇಲೆ ಕೂತಿತು. ತಲೆಯೆತ್ತಿ ಹಗ್ಗ ನೋಡಿದರು.

"ಹಗ್ಗ ಇಳಿಸೀ ಏನ?"

"ಹೂಂ ಅತ್ಯಾ."

"ನನಗ ನೀ ಇಳಿಸಿದಿ. ನಾಳೆ ನಿನಗ ಯಾರು ಇಳಸ್ತಾರ?"

ಬೈಯುತ್ತಿದ್ದಾರೋ ಮರುಗುತ್ತಿದ್ದಾರೋ ತಿಳಿಯಲಿಲ್ಲ. ಡಾಕ್ಟರಮ್ಮ ಕೇಳಿದ್ದ ಪರೀಕ್ಷೆಯನ್ನು ನಾನು ಇನ್ನೂ ಮಾಡಿಸಿರಲಿಲ್ಲ. ಅತ್ತೆ ಗೋಡೆ ಹಿಡಿದು ನಿಧಾನವಾಗಿ ಒಲೆಯ ಕಡೆ ನಡೆದರು. ಹೊಸ್ತಿಲಲ್ಲಿ ನಿಂತು, ತಿರುಗದೆಯೇ ಹೇಳಿದರು:

"ನಾಳಿಯಿಂದ ಮತ್ತ ಚಾತುರ್ಮಾಸದ ಎರಡನೇ ತಿಂಗಳು, ನನಗ ಮೊಸರಿಲ್ಲ. ಹಂಗಂತ ಹೆಪ್ಪು ಹಾಕೋದು ಬಿಡಬ್ಯಾಡ. ನೀ ಉಣ್ಣು."

ಸಂಜೆ ಹಾಲು ಕಾಯಿಸಿ ಆರಿಸಿ, ನನ್ನೊಬ್ಬಳಿಗೆ ಸಾಕಾಗುವಷ್ಟು ಸಣ್ಣ ಪಾತ್ರೆಯಲ್ಲಿ ಹೆಪ್ಪು ಹಾಕಿದೆ.