ಮೂವತ್ತು ಗ್ರಾಂ ಹಿಂಡಿ

ನನ್ನ ಗಂಡನಿಗೆ ಸಿಟ್ಟು ಬರುವುದಿಲ್ಲ. ಅವರ ಪಾಲಿನದನ್ನೂ ಸೇರಿಸಿ ನನಗೇ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಈ ಒಂದು ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ, ಅದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಬಾದಾಮಿಯಲ್ಲಿ ನಮ್ಮ ಮನೆಯ ಹಿಂದಿನ, ತಗಡಿನ ಪತ್ರಾಸು ಹೊದಿಸಿದ ಕೋಣೆಯಲ್ಲಿ ನಾನು ಮತ್ತು ಓಣಿಯ ನಾಲ್ವರು ಹೆಣ್ಣುಮಕ್ಕಳು ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡುತ್ತೇವೆ. ಶೇಂಗಾ ಹುರಿದು, ಸಿಪ್ಪೆ ಕೇರಿ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಎಣ್ಣೆ ಬಿಡುವವರೆಗೆ ಕುಟ್ಟಬೇಕು. ಈಗ ಕುಟ್ಟುವ ಯಂತ್ರವಿದೆ, ಆದರೆ ಎಣ್ಣೆ ಯಾವಾಗ ಬಿಟ್ಟಿತು ಎಂದು ಬೆರಳಿನಿಂದಲೇ ನೋಡಬೇಕು. ಅದು ನನ್ನ ಕೆಲಸ. ಅಂಗಡಿಗಳಿಗೆ ಹಾಕಿ ಬರುವುದು, ರೇಟು ಮಾತಾಡುವುದು ಗಂಡನ ಕೆಲಸ. ಎರಡು ಅಳತೆಯ ಪಾಕೀಟು ಮಾಡುತ್ತಿದ್ದೆವು. ಹತ್ತು ರೂಪಾಯಿಯ ಸಣ್ಣದು, ತೊಂಬತ್ತು ರೂಪಾಯಿಯ ಪಾವು ಕಿಲೋದ್ದು, ಅಂದರೆ ಇನ್ನೂರ ಐವತ್ತು ಗ್ರಾಂನದು.

ಆ ವರ್ಷ ಶೇಂಗಾ ಏರಿತು. ಅದರ ಬೆನ್ನಿಗೇ ಬೆಳ್ಳುಳ್ಳಿ ಏರಿತು. ಬೆಳ್ಳುಳ್ಳಿ ಕೊಳ್ಳಲು ಹೋದರೆ ದಲ್ಲಾಳಿ ಬಂಗಾರದ ಅಂಗಡಿಯವನ ಹಾಗೆ ಕೂತಿರುತ್ತಿದ್ದ. ಪಾವು ಕಿಲೋ ಪಾಕೀಟಿನಲ್ಲಿ ನಮಗೆ ಉಳಿಯುವುದೇನೂ ಇರಲಿಲ್ಲ. ಬೆಳ್ಳುಳ್ಳಿ ಕಡಿಮೆ ಹಾಕೋಣ ಎಂದು ಗಂಡ ಒಮ್ಮೆ ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಹಾಗೇ ಮುಚ್ಚಿದರು.

"ನೂರು ರೂಪಾಯಿ ಮಾಡೂಣು," ಎಂದೆ ನಾನು. "ಬೆಳ್ಳುಳ್ಳಿ ರೇಟ್ ಯಾರಿಗೆ ಗೊತ್ತಿಲ್ರಿ? ಎಲ್ಲಾರ ಮನ್ಯಾಗೂ ಒಲಿ ಉರೀತೈತಿ."

"ನಿನಗ ಯಾಪಾರ ತಿಳ್ಯಂಗಿಲ್ಲ," ಎಂದರು. "ಮಂದಿ ರೇಟ್ ನೋಡ್ತಾರ, ತೂಕ ಯಾರೂ ನೋಡಂಗಿಲ್ಲ. ರೇಟ್ ಏರ್ಸಿದ್ರ ಅಂಗಡ್ಯಾವ್ರು ಪಾಕೀಟ ಮೂಲಿಗೆ ಒಗೀತಾರ. ಇನ್ನೂರಾ ಇಪ್ಪತ್ತು ಗ್ರಾಂ ಮಾಡೂಣು. ದೊಡ್ಡ ದೊಡ್ಡ ಕಂಪನಿಯಾವ್ರೆಲ್ಲಾ ಇದನ್ನ ಮಾಡ್ತಾರ."

ಸಣ್ಣ ಪಾಕೀಟಿನ ವಿಷಯದಲ್ಲಿ ಅವರ ಮಾತನ್ನು ನಾನೂ ಒಪ್ಪಿದೆ. ಹತ್ತು ರೂಪಾಯಿಯದನ್ನು ಹನ್ನೊಂದು ಮಾಡಲು ಬರುವುದಿಲ್ಲ. ಕೂಲಿಗೆ ಹೋಗುವವರು ಹತ್ತರ ನಾಣ್ಯ ಕೊಟ್ಟು ಪಾಕೀಟು ಹರಿದು ರೊಟ್ಟಿಯ ಮೇಲೆ ಸುರಿದುಕೊಳ್ಳುತ್ತಾರೆ. ಮೇಲಿನ ಒಂದು ರೂಪಾಯಿಗೆ ಅಂಗಡಿಯವನ ಬಳಿ ಚಿಲ್ಲರೆ ಇರುವುದಿಲ್ಲ, ಕೊಳ್ಳುವವರ ಬಳಿಯೂ ಇರುವುದಿಲ್ಲ. ಅಲ್ಲಿ ತೂಕ ಇಳಿಸದೆ ಬೇರೆ ದಾರಿಯಿಲ್ಲ. ಆದರೆ ಪಾವು ಕಿಲೋ ಒಯ್ಯುವವರು ಬೇರೆ ಜನ. ತಿಂಗಳು ತಿಂಗಳು ಅದನ್ನೇ ಒಯ್ಯುವವರು, ಯಾರ ಮನೆಯ ಹಿಂಡಿ ಎಂದು ತಿಳಿದು ಒಯ್ಯುವವರು. ಇದನ್ನು ಎಷ್ಟು ಹೇಳಿದರೂ ನನ್ನ ಗಂಡನ ತಲೆಗೆ ಹೋಗಲಿಲ್ಲ.

ಹೊಸ ಪಾಕೀಟುಗಳು ಅಚ್ಚಾಗಿ ಬಂದವು. ಅದೇ ಕೆಂಪು ಬಣ್ಣ, ಅದೇ ರೊಟ್ಟಿಯ ಚಿತ್ರ, ಅದೇ ಉದ್ದಗಲ. ಹಿಂಬದಿಯಲ್ಲಿ ಬೆಲೆ, ಗ್ರಾಂಗೆ ಎಷ್ಟು ಬೆಲೆ, ತಯಾರಿಸಿದ ತಿಂಗಳು ಎಂಬ ಸಾಲುಗಳ ನಡುವೆ ನಿವ್ವಳ ತೂಕ ೨೨೦ ಗ್ರಾಂ ಎಂದಿತ್ತು. "ಕಾನೂನು ಪ್ರಕಾರ ಬರ್ದೇವಿ, ಇನ್ನೇನು?" ಎಂದರು ಗಂಡ. ಬರೆದಿದ್ದೇನೋ ನಿಜ. ಯಾರೂ ಓದದ ಜಾಗದಲ್ಲಿ ಬರೆದಿದ್ದೆವು, ಯಾರೂ ಓದಬಾರದು ಎಂದೇ ಬರೆದಿದ್ದೆವು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ತೂಕದ ಯಂತ್ರದ ಮುಂದೆ ಕೂತು, ನನ್ನ ಕೈಯಿಂದಲೇ ಇನ್ನೂರ ಇಪ್ಪತ್ತು ತೂಗಿ ತುಂಬಿದೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮೊದಲ ಕೆಲವು ವಾರ ಯಾರೂ ಏನೂ ಅನ್ನಲಿಲ್ಲ. ಗಂಡ ಮೀಸೆ ತಿರುವಿಕೊಂಡು ಓಡಾಡಿದರು. ಆಮೇಲೆ ಬಸ್‌ಸ್ಟ್ಯಾಂಡಿನ ಬಳಿಯ ಕಿರಾಣಿ ಅಂಗಡಿಯ ಚಾಚಾ ಒಂದು ದಿನ ನನ್ನನ್ನು ನಿಲ್ಲಿಸಿದರು. ನಮ್ಮ ಹಿಂಡಿಯನ್ನು ಮೊದಲ ದಿನದಿಂದ ಮಾರಿದವರು ಅವರು.

"ಬೇಟಿ, ನಿಮ್ಮ ಹಿಂಡಿ ಖಾಯಂ ಒಯ್ಯೂ ಮಂದಿ ಮನ್ಯಾಗಿನ ಬಾಟ್ಲಿ ತುಂಬವಲ್ದು ಅನ್ನಾಕ್ಹತ್ಯಾರ. ನನಗ ಬೈಲಿಲ್ಲ, ಜಗಳಾ ತಗೀಲಿಲ್ಲ. ಒಬ್ಬೊಬ್ರ ಬ್ಯಾರೆದು ಒಯ್ಯಾಕ್ಹತ್ಯಾರ. ಜಗಳಾ ತಗದ್ರ ಚಲೋ ಇತ್ತು, ಮತ್ತ ಬರ್ತಾರ ಅಂತ ತಿಳೀತಿತ್ತು."

ಇದನ್ನು ಮನೆಯಲ್ಲಿ ಹೇಳಿದರೆ ಗಂಡ, "ನಾಕ ಮಂದಿ ಹೋದ್ರ ಹೋಗ್ಲಿ ಬಿಡು," ಎಂದರು. ನಾನೂ ಬಿಟ್ಟೆ. ನಾಲ್ಕು ಮಂದಿ ಹೋಗುವುದಷ್ಟೇ ಇದರ ಬೆಲೆ ಎಂದು ನಾನೂ ತಿಳಿದುಕೊಂಡಿದ್ದೆ.

ಕುಳಗೇರಿ ಕ್ರಾಸಿನಲ್ಲಿ ಒಬ್ಬ ಅಕ್ಕನ ಖಾನಾವಳಿಗೆ ನಮ್ಮ ಹಿಂಡಿ ವಾರಕ್ಕೆ ಏಳು ಪಾಕೀಟು ಹೋಗುತ್ತಿತ್ತು. ಹೆಚ್ಚಾಗಿ ಗಂಡನೇ ಒಯ್ಯುತ್ತಿದ್ದರು. ಆ ವಾರ ಅವರಿಗೆ ಜ್ವರ ಬಂದು ನಾನು ಬಸ್ಸಿನಲ್ಲಿ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಅಕ್ಕ ತಾನೇ ಸೆರಗು ಬಿಗಿದು ಬಡಿಸುತ್ತಿದ್ದಳು. ಅಲ್ಲಿ ಎಷ್ಟೋ ವರ್ಷಗಳಿಂದ ಬಡಿಸುತ್ತಿದ್ದ ಹೆಂಗಸು ಕಾಣಲಿಲ್ಲ. ನಾನು ಎಂದಾದರೂ ಹೋದರೆ ಬಿಸಿ ರೊಟ್ಟಿ ಹಾಕಿ, ತಿನ್ನುವವರೆಗೆ ಎದುರಿಗೇ ನಿಲ್ಲುತ್ತಿದ್ದ ಹೆಂಗಸು. ಆಕೆ ಎಲ್ಲಿ ಎಂದು ಕೇಳಿದೆ.

"ಬಿಡಿಸಿದ್ನಿ ತಂಗಿ. ಹೋದ ಅಮಾಸಿಗೇ ಬಿಡಿಸಿದ್ನಿ," ಎಂದಳು ಅಕ್ಕ. "ಕೈ ಸುದ್ದ ಇರ್ಲಿಲ್ಲ."

"ಏನ್ ಮಾಡಿದ್ಳ್ರಿ ಅಕ್ಕಾರ?"

"ನಿನ್ನ ಹಿಂಡೀನ ಕದ್ದಾಳಬೇ. ನಂದು ದಿನಕ್ಕ ಒಂದು ಪಾಕೀಟು, ಮೂವತ್ತು ತಾಟು. ತಾಟಿಗೆ ಒಂದು ಚಮಚಾ. ಇಷ್ಟು ವರ್ಷ ಕಡೀ ತಾಟಿನ ತನಾ ಬಂದು ಚೂರು ಉಳೀತಿತ್ತು. ಈಗ ನೋಡು, ಕಡೀ ಮೂರ್ನಾಕ ತಾಟಿಗೆ ಡಬ್ಬಿ ತಳಾ ಕೆರೀಬೇಕು. ಎಲ್ಲಿ ಹೋತು? ಹಾರಿ ಹೋತೇನು? ಆಕಿ ಬೀರಪ್ಪನ ಆಣಿ ಮಾಡಿದ್ಳು. ಆಣಿ ಯಾರ್ ಮಾಡಂಗಿಲ್ಲ?"

ನನ್ನ ಕೈಯಲ್ಲಿ ಆ ಏಳು ಪಾಕೀಟಿನ ಚೀಲವಿತ್ತು. ಖಾನಾವಳಿಯ ಲೆಕ್ಕ ಗ್ರಾಂನಲ್ಲಿ ಇರುವುದಿಲ್ಲ, ಪಾಕೀಟು ಮತ್ತು ತಾಟಿನಲ್ಲಿ ಇರುತ್ತದೆ. ಒಂದು ಪಾಕೀಟು ಎಂದರೆ ಮೂವತ್ತು ತಾಟು. ಅದು ಅವರಿಗೆ ಸೂರ್ಯ ಮೂಡಿದಷ್ಟು ಖಚಿತ. ಪಾಕೀಟೇ ಸಣ್ಣದಾಗಿರಬಹುದು ಎಂಬ ಅನುಮಾನ ಆಕೆಗೆ ಬರಲೇ ಇಲ್ಲ, ಏಕೆಂದರೆ ಆಕೆ ನಮ್ಮನ್ನು ನಂಬಿದ್ದಳು. ಸುಮ್ಮನಿದ್ದು ಪಾಕೀಟು ಕೊಟ್ಟು ಬಸ್ಸು ಹತ್ತಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿದ್ದನ್ನು ನಾನು ಮುಚ್ಚಿಡುವುದಿಲ್ಲ.

ಊಟದವರೆಲ್ಲ ಎದ್ದ ಮೇಲೆ ಹೇಳಿದೆ. "ಅಕ್ಕಾರ, ಆಕಿ ಕದ್ದಿಲ್ಲ. ತೂಕ ನಾವ ಇಳಿಸೇವಿ. ಮೂವತ್ತು ಗ್ರಾಂ ಕಮ್ಮಿ ಐತಿ." ಪಾಕೀಟು ತಿರುವಿ ಆ ಸಾಲು ತೋರಿಸಿದೆ.

ಆಕೆ ಪಾಕೀಟನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅದನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

"ರೊಕ್ಕ ಜಾಸ್ತಿ ಕೇಳಿದ್ರ ನಾ ಕೊಡ್ತಿರ್ಲಿಲ್ಲೇನು? ಅಲ್ಲಿ ನೋಡು, ನಾನೂ ಊಟದ ರೇಟ್ ಏರ್ಸೇನಿ. ದೊಡ್ಡದಾಗಿ ಬೋರ್ಡಿಗೆ ಬರ್ದೇನಿ. ಬೈದವ್ರು ಬೈದ್ರು, ಉಣ್ಣಾವ್ರು ಉಂಡ್ರು. ರೊಟ್ಟಿ ಸಣ್ಣದು ಮಾಡ್ಲಿಲ್ಲ ನಾ. ನಿಮ್ಮ ಬಾಯಿಗೆ ಏನಾಗಿತ್ತು? ಒಂದ ಮಾತು ಹೇಳ್ಬಾರ್ದಾ? ನಾಕ ಮಂದಿ ಮುಂದ ಆಕಿನ್ನ ಕಳ್ಳಿ ಅಂದ್ನೆಲ್ಲಬೇ ನಾ!"

ನಾನು ಬೈಸಿಕೊಂಡೆ. ಆಕೆಯ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೆಂಕಿ. ಖಾನಾವಳಿಗೆ ಕೀಲಿ ಹಾಕಿ, "ನಡಿ, ನೀನ ಬಂದು ಹೇಳು," ಎಂದು ನನ್ನನ್ನು ಕ್ರಾಸಿನ ಹಿಂದಿನ ಓಣಿಗೆ ಎಳೆದುಕೊಂಡು ಹೋದಳು.

ಆ ಹೆಂಗಸು ಮನೆಯ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನಾವು ಬಂದದ್ದನ್ನು ಕಂಡು ಎದ್ದು ನಿಂತಳು, ಕೂತುಕೊಳ್ಳಿ ಎನ್ನಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅಕ್ಕ ತಪ್ಪಾಯಿತು ಎಂದಳು, ನಾಳೆಯಿಂದಲೇ ಬಾ ಎಂದಳು. ಆಕೆ ಅಕ್ಕನ ಕಡೆ ನೋಡಿದಳು.

"ಬೀರಪ್ಪನ ಆಣಿ ಮಾಡಿದ್ನಿ, ನಂಬಲಿಲ್ಲ ನೀವು. ಪಾಕೀಟಿನ ಮ್ಯಾಲ ಬರ್ದಿದ್ದು ನಂಬಿ ಬಂದೀರಿ. ನಾ ಬರಂಗಿಲ್ರಿ."

ಆಮೇಲೆ ನನ್ನ ಕಡೆ ತಿರುಗಿದಳು. "ತುಂಬುವಾಗ ನಿಮಗ ಗೊತ್ತಿತ್ತಲ್ರಿ, ಯಾರಿಗರ ಕಮ್ಮಿ ಬೀಳ್ತೈತಿ ಅಂತ?"

ಗೊತ್ತಿತ್ತು. ಯಾರಿಗೆ ಎಂದು ಯೋಚಿಸಿರಲಿಲ್ಲ, ಅಷ್ಟೇ.

ಅವತ್ತು ಮನೆಗೆ ಬಂದು ನಾನು ಆಡಿದ ಜಗಳವನ್ನು ಓಣಿಯವರೆಲ್ಲ ಕೇಳಿದ್ದಾರೆ. ಜ್ವರದಲ್ಲಿದ್ದ ಗಂಡನನ್ನು ಎಬ್ಬಿಸಿ ಕೂರಿಸಿ ಬೈದೆ. "ಇಷ್ಟೊಂದು ಪಾಕೀಟ ಅಚ್ಚ ಹಾಕ್ಸೇವಿ, ಹಾಳ ಮಾಡೂಣೇನು?" ಎಂದು ಅವರು ಕೇಳಿದಾಗ, ಖಾಲಿ ಪಾಕೀಟುಗಳ ಕಟ್ಟನ್ನು ಅಂಗಳಕ್ಕೆ ಎಸೆದೆ. ಮತ್ತೆ ಇನ್ನೂರ ಐವತ್ತು ಗ್ರಾಂ ಎಂದು, ಮುಂಬದಿಯಲ್ಲೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆವು. ಬೆಲೆ ನೂರು ರೂಪಾಯಿ. ಹತ್ತು ರೂಪಾಯಿಯದು ಸಣ್ಣದಾಗಿಯೇ ಉಳಿಯಿತು, ಆದರೆ ಅದರ ತೂಕವೂ ಮುಂದೆ ಬಂತು. ನಡುವೆ ತೂಕ ಇಳಿಸಿದ್ದೆವು, ತಪ್ಪಾಯಿತು, ಈಗ ತೂಕ ಮೊದಲಿನಷ್ಟೇ, ಬೆಲೆ ಹೆಚ್ಚು ಎಂದು ಕಾಗದದಲ್ಲಿ ಬರೆದು ಅಂಗಡಿ ಅಂಗಡಿಗೆ ನಾನೇ ಅಂಟಿಸಿ ಬಂದೆ. ಗಂಡನಿಗೆ ಅದು ಮಾನ ಹೋಗುವ ಕೆಲಸ ಎನಿಸಿತು. ಮಾನ ಯಾವಾಗಲೋ ಹೋಗಿದೆ ಎಂದೆ.

ಜನ ಬೈದರು. ಚಾಚಾನ ಅಂಗಡಿಯಲ್ಲಿ ನಿಂತು ನನ್ನ ಮುಖಕ್ಕೇ ಬೈದರು. "ನೂರು ರೂಪಾಯೇನ್ರಿ, ಬಂಗಾರ ಕುಟ್ಟೀರೇನು?" ಎಂದರು. ಮೊದಲ ತಿಂಗಳು ಮಾರಾಟ ಬಿತ್ತು. ಆಮೇಲೆ ಬೈದವರಲ್ಲೇ ಎಷ್ಟೋ ಜನ ಮತ್ತೆ ಒಯ್ದರು. ಸದ್ದಿಲ್ಲದೆ ಹೋಗಿದ್ದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಅವರು ಬಾಟ್ಲಿಯಲ್ಲಿ ಬೇರೆಯವರ ಹಿಂಡಿ ತುಂಬಿಕೊಂಡಿದ್ದಾರೆ.

ಆ ಹೆಂಗಸಿಗೆ ಕ್ರಾಸಿನಲ್ಲಿ ಬೇರೆ ಯಾರೂ ಕೆಲಸ ಕೊಡಲಿಲ್ಲ. ಒಂದು ಹೋಟೆಲಿನವನಿಗೆ ನಾನೇ ಹೋಗಿ ನಡೆದದ್ದನ್ನು ಹೇಳಿದೆ. "ನಿಮ್ಮ ತೂಕದ ಸುದ್ದಿ ನನಗ್ಯಾಕ್ರಿ? ಆಕಿ ಮ್ಯಾಲ ಮಾತು ಬಂದೈತಿ," ಎಂದ. ಅವನ ಜೊತೆಗೂ ಜಗಳವಾಡಿ ಬಂದೆ, ಉಪಯೋಗವಾಗಲಿಲ್ಲ.

ಕೊನೆಗೆ ನಮ್ಮಲ್ಲಿಗೇ ಬಾ ಎಂದು ಕರೆದೆ. ನಾಲ್ಕು ಸಲ ಕರೆದ ಮೇಲೆ ಬಂದಳು. ಈಗ ದಿನಾ ಬಸ್ಸಿಗೆ ಬಂದು ಶೇಂಗಾ ಆರಿಸುತ್ತಾಳೆ, ಹುರಿಯುತ್ತಾಳೆ. ತೂಗಿ ತುಂಬುವ ಕೆಲಸ ಮಾತ್ರ ಬೇಡ ಎಂದಳು. "ಒಂದು ಚಮಚಾ ಹೆಚ್ಚು ಕಮ್ಮಿ ಆತಂದ್ರ ಮತ್ತ ನಂದ ಹೆಸರು ಬರ್ತೈತ್ರಿ." ಒತ್ತಾಯ ಮಾಡಲಿಲ್ಲ.

ಆದರೆ ಸಂಜೆ ಹೊರಡುವ ಮುಂಚೆ ಆಕೆ ನನ್ನ ಮುಂದೆ ಬಂದು ನಿಲ್ಲುತ್ತಾಳೆ. ಬುತ್ತಿಯ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಾಳೆ, ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತಾಳೆ. ಬೇಡವೇ ಬೇಡ ಎಂದು ಬೈದಿದ್ದೇನೆ, ಕೈ ಹಿಡಿದು ತಡೆದಿದ್ದೇನೆ, ಒಮ್ಮೆ ಅತ್ತಿದ್ದೇನೆ ಕೂಡ. "ನೋಡಿಬಿಡ್ರಿ, ಬಸ್ ಹೋಗ್ತೈತಿ," ಎನ್ನುತ್ತಾಳೆ. ನಾನು ನೋಡುವವರೆಗೆ ಬಾಗಿಲು ದಾಟುವುದಿಲ್ಲ.