ಲಿಂಗ ಹಿಡಿಯುವ ಕೈ

ಶೇಂಗಾ ಹುರಿಯುತ್ತಿದ್ದೆ. ಚಟ್ನಿಪುಡಿಗೆ ಅಂತ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರುವಾಗ ಯಲಬುರ್ಗಾದಿಂದ ನನ್ನ ಮೈದುನನ ಫೋನು ಬಂತು. "ವೈನಿ, ಅವ್ವಗ ಲಕ್ವಾ ಹೊಡದೈತ್ರಿ. ಕೊಪ್ಪಳ ದವಾಖಾನಿಗೆ ಹೊಂಟೀವಿ. ಅಣ್ಣಗ ಹೇಳ್ರಿ."

ಶೇಂಗಾ ಅರ್ಧ ಕರಕಲಾಯಿತು. ಒಲೆ ಆರಿಸಿ, ಮನೆಯವರಿಗೆ ಸುದ್ದಿ ಮುಟ್ಟಿಸಿ, ಇಬ್ಬರೂ ಗಂಗಾವತಿಯಿಂದ ಕೊಪ್ಪಳದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಶಿವನನ್ನು ನೆನೆಯುತ್ತಲೇ ಹೋದೆ.

ನಾವು ಮುಟ್ಟುವಷ್ಟರಲ್ಲಿ ಅತ್ತೆಗೆ ಎಚ್ಚರವಿತ್ತು. ಮಾತು ಹೋಗಿರಲಿಲ್ಲ. ನುಂಗಲು ತೊಂದರೆ ಇರಲಿಲ್ಲ. ಕಾಲು ಸ್ವಲ್ಪ ಎಳೆಯುತ್ತಿತ್ತು, ಅಷ್ಟೇ. ಎಡಗೈ ಮಾತ್ರ ಬಿದ್ದುಹೋಗಿತ್ತು. ದೇವರು ಇಷ್ಟರಲ್ಲೇ ಉಳಿಸಿದನಲ್ಲ ಎಂದು ನಾನು ಒಳಗೊಳಗೇ ಕೈಮುಗಿದೆ. ಡಾಕ್ಟರರೂ ಅದನ್ನೇ ಹೇಳಿದರು: "ಪುಣ್ಯಾ ಮಾಡೀರಿ ಅಮ್ಮಾ, ಎಡಗೈಗೆ ಹೋತು. ಉಣ್ಣೋ ಕೈ ಉಳೀತಲ್ಲ."

ಅದನ್ನು ಕೇಳಿ ಅತ್ತೆ ಗೊಳೋ ಎಂದು ಅತ್ತುಬಿಟ್ಟರು. ಡಾಕ್ಟರರು ಗಾಬರಿಯಾದರು. ಯಾಕೆಂದು ಅವರಿಗೆ ಹೇಗೆ ತಿಳಿಯಬೇಕು? ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜೆ ಮಾಡುತ್ತೇವೆ. ಅತ್ತೆ ಚಿಕ್ಕವರಿದ್ದಾಗ ದೀಕ್ಷೆಯಾದಂದಿನಿಂದ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿ ಕೂಡಿಸಿ, ನೀರೆರೆದು, ಪತ್ರಿ ಏರಿಸಿ, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂತು, ಆಮೇಲೆ ಪಾದೋದಕ ತೆಗೆದುಕೊಂಡೇ ಅವರು ಬಾಯಿಗೆ ತುತ್ತು ಇಟ್ಟವರು. ಬಾಣಂತಿತನದಲ್ಲೂ ಬಿಟ್ಟವರಲ್ಲ.

ದವಾಖಾನೆಯಿಂದ ಅವರನ್ನು ಗಂಗಾವತಿಗೆ, ನಮ್ಮ ಮನೆಗೇ ಕರೆತಂದೆವು. ಕೈ ದಿನದಿಂದ ದಿನಕ್ಕೆ ಬಿಗಿದುಕೊಂಡು ಮುಷ್ಟಿಯಾಯಿತು. ಅತ್ತೆ ಹಾಲು, ಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ.

"ಅತ್ತಿ, ಬಲಗೈಯಾಗ ಇಟ್ಟುಕೊಳ್ರಿ. ಶಿವ ಬ್ಯಾಡ ಅಂತಾನೇನು?"

"ಬಲಗೈ ಪೂಜಾ ಮಾಡೋದು, ಎಡಗೈ ಪೀಠ. ಪೀಠ ಬಿಟ್ಟು ಎಲ್ಲಿ ಕೂಡಿಸ್ಲಿ? ಅವನೇ ಮುಚ್ಚ್ಯಾನ, ಅವನೇ ತಗೀತಾನ. ತಗದಾಗ ಉಣ್ತೀನಿ."

ಕಸರತ್ತು ಹೇಳಿಕೊಡಲು ಒಬ್ಬ ಹುಡುಗಿ ಮನೆಗೆ ಬರುತ್ತಿದ್ದಳು. ಅತ್ತೆ ಅವಳಿಗೆ ಚಹಾ ಕೊಡಿಸಿ, ಊರು ಕೇರಿ ವಿಚಾರಿಸಿ, ಕೈ ಮಾತ್ರ ಕೊಡದೆ ಕಳಿಸುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ ನುಂಗಿ ಸೊರಗಿದ್ದರು. ನನಗೆ ಅದೇ ಭಯ. ಕೈ ತೆರೆಯುವ ಮೊದಲು ಜೀವವೇ ಹೋದರೆ?

ಪಕ್ಕದ ಮನೆಯವರು ಆನೆಗುಂದಿ ಕಡೆಯ ಶ್ರೀವೈಷ್ಣವರು. ಆ ಮನೆಯಾಕೆ ಬಂದು ಅತ್ತೆಯ ಪರವಾಗಿಯೇ ಮಾತಾಡಿದರು. "ನಮ್ಮ ಹಿರ್ಯಾರೊಳಗೂ ಇದೇ ಜಗಳ ಇತ್ತ್ರೀ. ಕೋತಿ ಮರಿ ತಾನೇ ತಾಯಿ ಹೊಟ್ಟಿ ಅವಚಿ ಹಿಡೀತದ, ಕೈ ಬಿಟ್ರ ಬಿತ್ತು. ಬೆಕ್ಕಿನ ಮರಿ ಏನೂ ಮಾಡೂದಿಲ್ಲ, ತಾಯಿನೇ ಬಾಯಾಗ ಕಚ್ಚಿ ಒಯ್ತದ. ಜೀವ ಕೋತಿ ಮರಿ ಹಂಗ ಇರಬೇಕು ಅಂದವರು ಕೆಲವರು, ಬೆಕ್ಕಿನ ಮರಿ ಹಂಗ ಅಂದವರು ಕೆಲವರು. ನಮ್ಮನಿಯವರು ಬೆಕ್ಕಿನ ಕಡೆಯವರು."

ಅತ್ತೆಯ ಮುಖ ಅರಳಿತು. "ಹಂಗಾರ ನಾನೂ ಬೆಕ್ಕಿನ ಮರಿ ತಂಗಿ!"

"ಕೋತಿ ಆಗಬೇ ಯವ್ವಾ, ಕೋತಿ ಆಗು," ಎಂದರು ನಮ್ಮ ಮನೆಯವರು. ಅಂದೇ ಪೇಟೆಗೆ ಹೋಗಿ ಒಂದು ರಬ್ಬರ್ ಚೆಂಡು ತಂದರು. ಹಿಚುಕಿದರೆ ಕೈಗೆ ಬಲ ಬರುತ್ತದಂತೆ. ಅತ್ತೆ ಅದನ್ನು ಮೊಮ್ಮಗಳಿಗೆ ಕೊಟ್ಟುಬಿಟ್ಟರು.

ನಾನು ಪಕ್ಕದ ಮನೆಯಾಕೆಯನ್ನು ಅಂಗಳದಲ್ಲಿ ತಡೆದು ಕೇಳಿದೆ: "ಅಕ್ಕಾರ, ಎಲ್ಲಾ ಅವನ ಮ್ಯಾಲ ಬಿಟ್ಟಮ್ಯಾಲ ನೀವು ನಸುಕಿನ್ಯಾಗೆದ್ದು ತುಳಸಿ ಮಾಲಿ ಯಾಕ ಕಟ್ತೀರಿ?"

ಆಕೆ ನಕ್ಕರು. "ಅದು ಮೋಕ್ಷಕ್ಕ ಕೊಡೋ ಬೆಲಿ ಅಲ್ಲ್ರೀ. ದಾಟಿಸವ ಅವನೇ. ನಾವು ಶರಣು ಬಂದದ್ದೂ ನಮ್ಮ ಸಾಧನಾ ಅಂತ ಹೇಳಿಕೊಳ್ಳೂ ಹಂಗಿಲ್ಲ. ಮಾಲಿ ಕಟ್ಟೂದು ಪ್ರೀತಿಗೆ. ಬಿಟ್ಟವರು ಸುಮ್ಮನ ಕೂಡ್ತಾರ ಅಂತ ಯಾರು ಹೇಳ್ಯಾರ?"

ಆ ಮಾತು ನನ್ನ ತಲೆಯಲ್ಲಿ ಕೂತಿತು. ಆದರೆ ಅತ್ತೆಗೆ ನಾನು ಹೇಳಿದರೆ ಸೊಸೆಯ ಮಾತಾಗುತ್ತದೆ. ಹಾಗಾಗಿ ಅವರಿಗೆ ದೀಕ್ಷೆ ಕೊಟ್ಟ ಮನೆತನದ ಅಯ್ಯನವರನ್ನು ಯಲಬುರ್ಗಾದಿಂದ ಕರೆಸಿದೆವು. ಪಾದಪೂಜೆ ಆದಮೇಲೆ ಅವರು ಮುಷ್ಟಿ ನೋಡಿದರು.

"ಏನಬೇ, ಊಟ ಬಿಟ್ಟೀಯಂತ?"

"ಅವನ ಇಚ್ಛಾ ಅಜ್ಜಾರ. ಭಕ್ತಸ್ಥಲ, ಮಹೇಶಸ್ಥಲ ಅಂತ ಮೆಟ್ಟಿಲು ಏರಿ ಏರಿ, ಎಲ್ಲಾ ಅವಗ ಒಪ್ಪಿಸೋ ಶರಣಸ್ಥಲಕ್ಕ ಬಂದು ಕುಂತೀನಿ."

"ಮಹೇಶಸ್ಥಲ ಅಂದ್ರ ನಿಷ್ಠಾ. ಹಿಡಿದ ವ್ರತ ಬಿಡದ ಹಟ. ಅದಾದಮ್ಯಾಲ ಪ್ರಸಾದಿ: ಬಂದದ್ದೆಲ್ಲಾ ಪ್ರಸಾದ ಅಂತ ತಗೊಳ್ಳೋದು. ಆ ಹುಡುಗಿ ದಿನಾ ಮನಿಗಿ ಬರ್ತಾಳಲ್ಲ, ಆಕಿ ಬರೋದು ಪ್ರಸಾದ ಅಲ್ಲೇನು? ಅದನ್ನ ಚಹಾ ಕುಡಿಸಿ ಹೊಳ್ಳಿ ಕಳಿಸಿ ಶರಣಸ್ಥಲಕ್ಕ ಜಿಗಿದೆ? ಭಾರೀ ಕಾಲು ನಿನ್ನವು!"

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಅಯ್ಯನವರು ದನಿ ತಗ್ಗಿಸಿದರು. "ದೀಕ್ಷಾದಾಗ ಗುರು ತಲಿ ಮ್ಯಾಲ ಕೈಯಿಟ್ಟು, ಕಿವಿಯಾಗ ಮಂತ್ರ ಹೇಳಿ, ಅಂಗೈಯಾಗ ಲಿಂಗ ಇಟ್ರು. ಅದನ್ನ ನೀ ಗಳಿಸಿದ್ದೇನು? ಅಲ್ಲ, ಬರೇ ಕರುಣಾ. ಖರೆ, ಆವತ್ತು ಕೈ ಒಡ್ಡಿದಾಕಿ ನೀನ. ಈಗೂ ಅಷ್ಟ ಮಾಡು. ಕೈ ಒಡ್ಡು. ತೆರೆಯೋದು ಬಿಡೋದು ಅವನಿಗೆ ಬಿಟ್ಟದ್ದು. ನಿನ್ನ ಕೈ ನೆಟ್ಟಗಾಗೂತನ ಸೊಸಿ ಅಂಗೈ ಮ್ಯಾಲ ಲಿಂಗ ನೋಡಿ ನಮಸ್ಕಾರ ಮಾಡಿ ಉಣ್ಣು. ನನ್ನ ಅಪ್ಪಣಿ ಐತಿ."

ಅಪ್ಪಣೆಗೆ ತಲೆಬಾಗಿ ಅತ್ತೆ ಅಂದು ಗಂಜಿ ಕುಡಿದರು. ತಮ್ಮ ಕೈಯಲ್ಲೇ ಪೂಜೆಯಾಗುವ ತನಕ ಎಂದು ರೊಟ್ಟಿ ಮಾತ್ರ ಮುಟ್ಟಲಿಲ್ಲ. ಮರುದಿನ ಆ ಹುಡುಗಿಗೆ ಕೈ ಕೊಟ್ಟರು.

ಅವಳು ಮೊದಲು ಮಾಡಿದ್ದು, ನಮ್ಮ ಮನೆಯವರು ಮಗಳಿಂದ ಮರಳಿ ಪಡೆದು ತಂದ ಆ ಚೆಂಡನ್ನು ಬೇಡವೆಂದದ್ದು. "ಇದು ಬ್ಯಾಡ್ರಿ ಅಜ್ಜಿ. ಹಿಡಿಯೋದು ನಿಮ್ಮ ಕೈಗೆ ಜಾಸ್ತಿನ ಆಗೈತಿ. ಬಿಡೋದು ಕಲೀಬೇಕು." ಬಿಸಿನೀರಿನಲ್ಲಿ ಕೈ ಅದ್ದಿಸಿ, ಮೊದಲು ಮಣಿಕಟ್ಟನ್ನು ಒಳಕ್ಕೆ ಬಗ್ಗಿಸುವಳು. ಹಾಗೆ ಬಗ್ಗಿಸಿದಾಗ ಬೆರಳುಗಳ ಬಿಗಿ ಸಡಿಲಾಗುತ್ತದೆ. ಆಮೇಲೆ ಹೆಬ್ಬೆರಳಿನಿಂದ ಶುರುಮಾಡಿ ನಿಧಾನಕ್ಕೆ ಬಿಡಿಸಿ, ಅಂಗೈಯನ್ನು ಮಂಚದ ಮೇಲೆ ಊರಿಸಿ, ಅದರ ಮೇಲೆ ಮೈಭಾರ ಬಿಡಲು ಹೇಳುವಳು. ಜೋರಾಗಿ ಎಳೆದರೆ ಮುಷ್ಟಿ ಇನ್ನೂ ಬಿಗಿಯುತ್ತಿತ್ತು. ಅತ್ತೆ ಬೆವರಿ ಹೋಗುತ್ತಿದ್ದರು.

"ಬಿಡೋದಕ್ಕ ಇಷ್ಟು ಕಷ್ಟ ಐತಿ ಅಂತ ಗೊತ್ತಿದ್ದಿಲ್ಲ ಬಿಡವಾ," ಎಂದರು ಒಮ್ಮೆ ನನಗೆ. "ಇಷ್ಟು ದಿನ ಬಾಯಿಲೆ ಬಿಟ್ಟಿದ್ದೆ."

ವಾರಗಳು ಹೋದವು. ಒಂದು ಮುಂಜಾನೆ ಸ್ನಾನವಾದ ಮೇಲೆ ಅವರೇ ಕೈ ಮುಂದೆ ಮಾಡಿದರು. ಬೆರಳುಗಳು ಪೂರ್ತಿ ನೆಟ್ಟಗಾಗಿರಲಿಲ್ಲ. ಅಂಗೈ ಮಾತ್ರ ಕಾಣುತ್ತಿತ್ತು, ಬೆಳ್ಳಗೆ, ಬಹಳ ದಿನ ಬಿಸಿಲು ಕಾಣದ ಚರ್ಮ. ಕರಡಿಗೆ ಬಿಚ್ಚಿ ಲಿಂಗ ಕೂಡಿಸಿದೆ. ಕೈ ನಡುಗಿತು. ಜಾರೀತೆಂದು ನಾನು ಲಿಂಗ ಹಿಡಿಯಹೋದೆ.

"ಅದನ್ನ ಹಿಡೀಬ್ಯಾಡ. ನಿನ್ನ ಕೈ ಕೆಳಗಿರಲಿ, ಸುಮ್ಮನ."

ನನ್ನ ಅಂಗೈಯನ್ನು ಅವರ ಕೈಯ ಕೆಳಗೆ ಇಟ್ಟೆ. ನೀರೆರೆದರು, ಪತ್ರಿ ಏರಿಸಿದರು, ನೋಡುತ್ತ ಕೂತರು. ಲಿಂಗ ಕೂತಲ್ಲೇ ಕೂತಿತು. ಅದು ಕಸರತ್ತಿನಿಂದಲೋ, ಅವನ ಕರುಣೆಯಿಂದಲೋ, ನನಗೆ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಇಲ್ಲಿವರೆಗೂ ಬಂದಿಲ್ಲ.

ಅತ್ತೆ ಪಾದೋದಕ ತೆಗೆದುಕೊಂಡ ಮೇಲೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಚೇಷ್ಟೆ ಮಾಡಿದರು. "ಯಾರು ಗೆದ್ರಬೇ, ಬೆಕ್ಕೋ ಕೋತಿಯೋ?"

"ಹಸಿವಿ ಗೆದ್ದೈತಿ. ರೊಟ್ಟಿ ಮಾಡ್ರಿ, ಬಿಸೀವು."

ನಾನು ಒಳಗೆ ಹೋಗಿ ಜೋಳದ ಹಿಟ್ಟಿಗೆ ಎಸರಿಟ್ಟೆ.