ಬೆಳ್ಳಗಾದ ಉಂಗುರ

ಸಿಂಧನೂರಿನ ನಮ್ಮ ಮನೆಗೆ ಬೆಳ್ಳಗಾಗುವ ಕ್ರೀಮಿನ ಆ ಬಿಳಿ ಗಾಜಿನ ಡಬ್ಬಿ ತಂದವಳು ಹೈದರಾಬಾದಿನಲ್ಲಿದ್ದ ನಮ್ಮ ಸೋದರತ್ತೆ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವುದಕ್ಕೆ ಇನ್ನೆರಡು ತಿಂಗಳಿತ್ತು. ಎರೆಮಣ್ಣಿನ ಬಣ್ಣದ ಅಕ್ಕ ದಿನಕ್ಕೆರಡು ಸಲ ಮುಖ, ಕುತ್ತಿಗೆ, ಕೈಗಳಿಗೆ ಆ ಕ್ರೀಮು ಹಚ್ಚಿದಳು. ಮೂರನೆಯ ವಾರಕ್ಕೆ ಬಣ್ಣ ಒಂದಿಷ್ಟು ತಿಳಿಯಾದದ್ದು ನಿಜ. ಐದನೆಯ ವಾರ, ಮುಂಜಾನೆ ಎದ್ದರೆ ಕೆನ್ನೆ, ಕಣ್ಣರೆಪ್ಪೆ ಉಬ್ಬಿರುತ್ತಿದ್ದವು.

"ನೋಡ್ರಿ, ಮದುವಿ ಕಳೆ ಏರೈತಿ!" ಎಂದು ಅಜ್ಜಿ ದೃಷ್ಟಿ ತೆಗೆದಳು. ನಾವೆಲ್ಲ ನಂಬಿದೆವು.

ಅದೇ ವಾರ ಅಕ್ಕನ ಚಿನ್ನದ ಉಂಗುರ ಬೆಳ್ಳಗಾಯಿತು. ಅವ್ವ ಅದನ್ನು ಸೆರಗಿಗೆ ಕಟ್ಟಿಕೊಂಡು, ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ, ಉಂಗುರ ಮಾಡಿಕೊಟ್ಟಿದ್ದ ಮಸ್ಕಿಯ ಪತ್ತಾರನ ಮೇಲೆ ಜಗಳಕ್ಕೆ ಹೋದಳು.

"ಬಂಗಾರ ಅಂತ ಬೆಳ್ಳಿ ಕೊಟ್ಟೀಯೇನು?"

ಪತ್ತಾರ ಉಂಗುರ ನೋಡಿದ. ಅದಕ್ಕಿಂತ ಹೆಚ್ಚು ಹೊತ್ತು ಅಕ್ಕನ ಕೈ ನೋಡಿದ.

"ಬಂಗಾರ ಛಲೋನ ಐತಿ ಯವ್ವಾ. ಇದಕ್ಕ ಪಾದರಸ ಹಿಡದೈತಿ. ಬೆಳ್ಳಿಗೆ ಬಂಗಾರ ಏರಸಾಕ ನಾವೂ ಬಳಸ್ತೀವಿ. ಅದರ ಹೊಗಿ ಕುಡದ ನಮ್ಮಪ್ಪನ ಕೈ ಸಾಯೂತನಕ ನಡಗತಿದ್ವು. ಈಕಿ ಏನ್ ಹಚಗೊಂತಾಳ?"

"ಬೆಳ್ಳಗಾಗೂ ಕ್ರೀಮು," ಎಂದಳು ಅಕ್ಕ ಮೆಲ್ಲಗೆ.

"ಹಂಗಾರ ಜಗಳ ಆಮ್ಯಾಲ ಆಡೀರಂತ. ಮೊದಲ ದವಾಖಾನಿಗೆ ನಡೀರಿ."

ಲಿಂಗಸೂಗೂರಿನ ಡಾಕ್ಟರು ಅಕ್ಕನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ತುಂಬಿ ದೀಪದ ಮೇಲೆ ಕಾಯಿಸಿದರು. ತಿಳಿಯಾಗಿದ್ದದ್ದು ನನ್ನ ಕಣ್ಣೆದುರೇ ಬೆಂದ ತತ್ತಿಯ ಬಿಳಿಯಂತೆ ಬೆಳ್ಳಗೆ ಗರಣೆಗಟ್ಟಿತು. ಡಾಕ್ಟರು ಅವ್ವನ ಕಡೆ ತಿರುಗಿದರು.

"ಮೈಯಾಗಿನ ಸತ್ವ ಮೂತ್ರದಾಗ ಸೋರಾಕತ್ತೈತಿ ತಾಯಿ. ಪಾದರಸ ಚರ್ಮದಾಗ ಇಳದು ಮೂತ್ರಪಿಂಡಕ್ಕ ಪೆಟ್ಟು ಕೊಟ್ಟೈತಿ. ಅದಕ್ಕ ಈ ಬಾವು."

"ಮತ್ತ ಬೆಳ್ಳಗಾಗಿದ್ದು ಖರೇ ಅಲ್ಲೇನ್ರಿ?" ಎಂದಳು ಅಕ್ಕ, ಆಗಲೂ.

ಡಾಕ್ಟರು ನಕ್ಕರು. "ಚರ್ಮ ಬಣ್ಣ ಮಾಡೂದನ್ನ ಅದು ತಡೀತೈತಿ, ಅಷ್ಟ. ಹಚ್ಚೂದು ಬಿಟ್ಟಿ ಅಂದ್ರ ಮತ್ತ ಮಾಡತೈತಿ. ಬಿಡಲಿಲ್ಲಂದ್ರ ನಿನ್ನ ಜೀವಕ್ಕ ಎರವು."

ಗಂಡಿನವರಿಗೆ ಅವ್ವ "ಸುಗ್ಗಿ ಮುಗೀಲಿ" ಎಂದು ಹೇಳಿಕಳಿಸಿದಳು. ಡಬ್ಬಿಯನ್ನು ಹಿತ್ತಲಲ್ಲಿ ಆಳವಾಗಿ ಹೂಳಿದೆವು. ಅಕ್ಕ ಉಪ್ಪು ಕಡಿಮೆ ಹಾಕಿದ ಸಪ್ಪೆ ಊಟ ಉಂಡಳು, ಅದನ್ನು ಬಡಿಸಿದ ಅಜ್ಜಿಯನ್ನು ಬಯ್ದಳು. ಬಾವು ನಿಧಾನಕ್ಕೆ ಇಳಿಯಿತು. ಬಣ್ಣ ಮಾತ್ರ ಅವಸರದಲ್ಲಿ ಹಿಂದಿರುಗಿತು. ಬಿಸಿಲು ಬೀಳುವ ಕೆನ್ನೆಗಳ ಮೇಲೆ ಮೊದಲಿಗಿಂತಲೂ ಕಪ್ಪಾದ ಎರಡು ಮಚ್ಚೆಗಳನ್ನೂ ಜೊತೆಗೆ ತಂದಿತು.

ನಾಲ್ಕು ತಿಂಗಳ ಮೇಲೆ ಡಾಕ್ಟರು ಮತ್ತೆ ನಳಿಗೆ ಕಾಯಿಸಿದರು. ನಾನು ಕಣ್ಣು ಕೀಳದೆ ನೋಡಿದೆ. ಗುಳ್ಳೆ ಎದ್ದವು, ಕುದಿಯಿತು, ತಿಳಿಯಾಗಿಯೇ ಉಳಿಯಿತು.

ಅಕ್ಕ ಬಗ್ಗಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು:

"ಯವ್ವಾ, ಇದಾದ್ರೂ ಬೆಳ್ಳಗಾಗಲಿಲ್ಲಲ್ಲ, ಪುಣ್ಯಾ!"